ಬಾಯಿ ತಪಾಸಣೆಯ ಮಾಡೆಲ್: ಪ್ರಿಸಿಶನ್ ನೋಡಬೇಕೋ, ರೀಕಾಲ್ ನೋಡಬೇಕೋ?

ಪ್ರಶ್ನೆ: ಬಾಯಿಯೊಳಗಿನ ಫೋಟೊ ನೋಡಿ ಅನುಮಾನದ ಮಚ್ಚೆ, ಹುಣ್ಣು ಗುರುತಿಸುವ ಮಾಡೆಲ್ ಒಂದನ್ನು ನಮ್ಮ ತಂಡ ಮಾಡಿದೆ. ಸಾಗರ, ಹೊಸನಗರ ಕಡೆ ಆಶಾ ಕಾರ್ಯಕರ್ತೆಯರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. 1000 ಜನರ ಟೆಸ್ಟ್ ಡೇಟಾದಲ್ಲಿ ಅಕ್ಯುರೆಸಿ 91% ಬಂತು, ಮ್ಯಾಟ್ರಿಕ್ಸ್ `[[760, 40], [50, 150]]`. ಮಾಡೆಲ್ ಕೊಡುವ ಅಂಕ ಎಷ್ಟಿದ್ದರೆ ಅನುಮಾನಿತ ಎನ್ನಬೇಕು ಎಂಬ ಗಡಿಯನ್ನು, ಅಂದರೆ ತ್ರೆಶೋಲ್ಡನ್ನು, 0.5ರಿಂದ 0.2ಕ್ಕೆ ಇಳಿಸಿದರೆ `[[680, 120], [16, 184]]` ಆಗುತ್ತದೆ. ಪ್ರಿಸಿಶನ್ ಬೀಳಿಸಬೇಡಿ ಅಂತ ಗೈಡ್ ಸರ್ ಹೇಳುತ್ತಾರೆ, ರೀಕಾಲ್ ಸಾಲದು ಅಂತ ನಮ್ಮ ಜೊತೆಗಿರುವ ದಂತವೈದ್ಯೆ ಹೇಳುತ್ತಾರೆ. ಯಾರ ಮಾತು ಕೇಳಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸಾಗರ

ಉತ್ತರ: ದಂತವೈದ್ಯೆಯ ಮಾತು ಕೇಳಿ, 0.2 ಇಟ್ಟುಕೊಳ್ಳಿ. ಆದರೆ ಗೈಡ್ ಸರ್ ಆತಂಕವೂ ಸುಳ್ಳಲ್ಲ. ಅದು ಎಷ್ಟು ನಿಜ ಅನ್ನುವುದು ನಿಮ್ಮ ಟೆಸ್ಟ್ ಡೇಟಾದಲ್ಲಿ ಕಾಣುವುದಿಲ್ಲ, ಹಳ್ಳಿಯ ಲೆಕ್ಕ ಹಾಕಿದಾಗ ಕಾಣುತ್ತದೆ.

ಮೊದಲು ಮ್ಯಾಟ್ರಿಕ್ಸ್‌ನ ನಾಲ್ಕು ಮನೆಗಳನ್ನು ಸರಿಯಾಗಿ ಓದಿಕೊಳ್ಳೋಣ. ಎಷ್ಟೋ ಪ್ರಾಜೆಕ್ಟ್ ರಿಪೋರ್ಟುಗಳು ಇಲ್ಲೇ ಎಡವುತ್ತವೆ. ಪೈಥಾನಿನ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಅಡ್ಡಸಾಲು ಎಂದರೆ ನಿಜ ಸ್ಥಿತಿ, ಕಂಬಸಾಲು ಎಂದರೆ ಮಾಡೆಲ್ ಹೇಳಿದ್ದು, ಮತ್ತು 0 ಮೊದಲು ಬರುತ್ತದೆ. ಹಾಗಾಗಿ ಮೇಲಿನ ಎಡಮೂಲೆಯಲ್ಲಿರುವುದು ಟ್ರೂ ನೆಗೆಟಿವ್, ಅಂದರೆ ಮಚ್ಚೆ ಇಲ್ಲದವರು, ಮಾಡೆಲ್ ಕೂಡ ಇಲ್ಲವೆಂದೇ ಹೇಳಿದವರು. ಅಲ್ಲಿ ಟ್ರೂ ಪಾಸಿಟಿವ್ ಇರುತ್ತದೆಂದು ಅನೇಕ ಪುಸ್ತಕಗಳ ಚಿತ್ರ ನೋಡಿ ಅಂದುಕೊಂಡವರು 760ನ್ನು ಪತ್ತೆಯಾದ ರೋಗಿಗಳೆಂದು ಓದಿಬಿಡುತ್ತಾರೆ. ಹೆಸರು ಕೊಟ್ಟು ಬಿಡಿಸಿಕೊಂಡರೆ ಗೊಂದಲವಿಲ್ಲ:

```python
from sklearn.metrics import confusion_matrix
p = model.predict_proba(X_val)[:, 1]
y_hat = (p >= 0.2).astype(int)
tn, fp, fn, tp = confusion_matrix(y_val, y_hat).ravel()
```

ಇಲ್ಲಿ `X_val` ಎಂದು ಬರೆದದ್ದು ಬೇಕೆಂದೇ. ತ್ರೆಶೋಲ್ಡನ್ನು ವ್ಯಾಲಿಡೇಶನ್ ಡೇಟಾದಲ್ಲಿ ಆರಿಸಿ, ಟೆಸ್ಟ್ ಡೇಟಾವನ್ನು ಕೊನೆಗೆ ಒಂದೇ ಸಲ ತೆರೆಯಿರಿ. ಟೆಸ್ಟ್ ಡೇಟಾ ನೋಡಿಕೊಂಡೇ 0.2 ಆರಿಸಿದ್ದರೆ ನಿಮ್ಮ ರೀಕಾಲ್ ನಿಜಕ್ಕಿಂತ ತುಸು ಚೆನ್ನಾಗಿ ಕಾಣುತ್ತಿರಬಹುದು.

ನಿಮ್ಮ ಮೊದಲ ಮ್ಯಾಟ್ರಿಕ್ಸ್‌ನಲ್ಲಿ ನಿಜವಾಗಿ ಮಚ್ಚೆ ಇದ್ದವರು 200. ಅವರಲ್ಲಿ 150 ಜನ ಸಿಕ್ಕರು, 50 ಜನ ಕೈತಪ್ಪಿದರು. ರೀಕಾಲ್ 75%. ಮಾಡೆಲ್ ಬೆರಳು ತೋರಿದ 190 ಜನರಲ್ಲಿ 150 ಜನರದ್ದು ನಿಜ, ಅಂದರೆ ಪ್ರಿಸಿಶನ್ 79%. ತ್ರೆಶೋಲ್ಡ್ 0.2 ಆದಾಗ ರೀಕಾಲ್ 92%, ಪ್ರಿಸಿಶನ್ 61%. ಅಕ್ಯುರೆಸಿ ಮಾತ್ರ 91ರಿಂದ 86ಕ್ಕೆ ಇಳಿಯುತ್ತದೆ. ಅದನ್ನು ನೋಡಿ ಮಾಡೆಲ್ ಕೆಟ್ಟಿತೆಂದು ತಿಳಿಯಬೇಡಿ. ಅಕ್ಯುರೆಸಿಯ ಲೆಕ್ಕದಲ್ಲಿ ಆರೋಗ್ಯವಂತನನ್ನು ಒಮ್ಮೆ ಸುಮ್ಮನೆ ಆಸ್ಪತ್ರೆಗೆ ಓಡಾಡಿಸುವುದೂ ಕ್ಯಾನ್ಸರಿನ ಆರಂಭವನ್ನು ಬಿಟ್ಟುಬಿಡುವುದೂ ಒಂದೇ ತೂಕದ ತಪ್ಪುಗಳು. ತಪಾಸಣೆಯಲ್ಲಿ ಅವು ಒಂದೇ ಅಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಟೆಸ್ಟ್ ಡೇಟಾದಲ್ಲಿ ಐವರಲ್ಲಿ ಒಬ್ಬರಿಗೆ ಮಚ್ಚೆ ಇದೆ. ಆಸ್ಪತ್ರೆಯಿಂದ ತಂದ ಫೋಟೊಗಳು ಸೇರಿರುವುದರಿಂದ ಹೀಗಾಗಿರಬೇಕು. ಮನೆಮನೆಗೆ ಹೋದರೆ ಅಷ್ಟು ಜನ ಸಿಗುವುದಿಲ್ಲ. ಲೆಕ್ಕಕ್ಕಾಗಿ ನೂರಕ್ಕೆ ಇಬ್ಬರು ಎಂದು ಹಿಡಿದು, 5000 ಜನರ ಬಾಯಿ ನೋಡಿದಿರಿ ಎಂದುಕೊಳ್ಳಿ. ಮಚ್ಚೆ ಇರುವವರು 100, ಇಲ್ಲದವರು 4900. ಜನ ಬದಲಾದರೂ ಫೋಟೊದ ಗುಣಮಟ್ಟ ಮತ್ತು ಮಚ್ಚೆಗಳ ಬಗೆ ಹೆಚ್ಚುಕಡಿಮೆ ಹಾಗೇ ಇದ್ದರೆ ಎರಡು ಅನುಪಾತಗಳು ಉಳಿಯುತ್ತವೆ: ಇದ್ದವರಲ್ಲಿ ಎಷ್ಟು ಜನ ಸಿಗುತ್ತಾರೆ, ಇಲ್ಲದವರಲ್ಲಿ ಎಷ್ಟು ಜನರ ಮೇಲೆ ತಪ್ಪಾಗಿ ಅನುಮಾನ ಬರುತ್ತದೆ. ಎರಡನೆಯದು 0.5ರಲ್ಲಿ 5% (800ರಲ್ಲಿ 40), 0.2ರಲ್ಲಿ 15% (800ರಲ್ಲಿ 120). ಪ್ರಿಸಿಶನ್ ಹಾಗೆ ಉಳಿಯುವುದಿಲ್ಲ, ಅದು ಜನರ ಜೊತೆ ಬದಲಾಗುತ್ತದೆ.

ತ್ರೆಶೋಲ್ಡ್ 0.5ರಲ್ಲಿ 75 ಜನ ನಿಜವಾಗಿ ಸಿಗುತ್ತಾರೆ, 245 ಜನ ತಪ್ಪಾಗಿ. ಒಟ್ಟು 320 ರೆಫರಲ್, ಪ್ರಿಸಿಶನ್ 23%. ತ್ರೆಶೋಲ್ಡ್ 0.2ರಲ್ಲಿ 92 ಜನ ನಿಜವಾಗಿ, 735 ಜನ ತಪ್ಪಾಗಿ. ಒಟ್ಟು 827 ರೆಫರಲ್, ಪ್ರಿಸಿಶನ್ 11%. ನಿಮ್ಮ ಸರ್ ಕಾಯಬೇಕೆಂದ 79% ಹಳ್ಳಿಗೆ ಬಂದಾಗ ಎಲ್ಲಿಯೂ ಇಲ್ಲ. ಈ ಎರಡರಲ್ಲಿ ಯಾವ ತ್ರೆಶೋಲ್ಡ್ ಇಟ್ಟರೂ ಬೆರಳು ತೋರಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ.

ಹಾಗಾಗಿ ನೀವು ಕೇಳಬೇಕಾದದ್ದು ಇದು: ಇನ್ನೊಬ್ಬ ರೋಗಿಯನ್ನು ಹಿಡಿಯಲು ಇನ್ನೆಷ್ಟು ಜನರನ್ನು ಕಳಿಸಬೇಕು? 0.5ರಿಂದ 0.2ಕ್ಕೆ ಇಳಿದಾಗ 17 ಜನ ಹೆಚ್ಚಿಗೆ ಸಿಕ್ಕರು, 507 ಜನರನ್ನು ಹೆಚ್ಚಿಗೆ ಕಳಿಸಿದಿರಿ. ಒಬ್ಬರಿಗೆ ಸುಮಾರು 30. ಈ 30ನ್ನು ದಂತವೈದ್ಯೆಯ ಮುಂದಿಡಿ, ಗೈಡ್ ಸರ್ ಮುಂದೆಯೂ ಇಡಿ. ಒಂದು ತಟ್ಟೆಯಲ್ಲಿ ಮೂವತ್ತು ಜನರ ಒಂದು ದಿನದ ಕೂಲಿ, ಆಸ್ಪತ್ರೆಗೆ ಬಸ್ ಚಾರ್ಜು, ಫಲಿತಾಂಶ ಬರುವವರೆಗಿನ ಭಯ. ಇನ್ನೊಂದರಲ್ಲಿ ‘ಏನೂ ಇಲ್ಲ’ ಎಂದು ಕೇಳಿಸಿಕೊಂಡು ನೆಮ್ಮದಿಯಿಂದ ಎಲೆಅಡಿಕೆಯ ಕವಳ ಹಾಕುತ್ತಲೇ ಇರುವ ಒಬ್ಬ ಮನುಷ್ಯ. ಅಂಥವನು ಮತ್ತೆ ತೋರಿಸಲು ಬರುವುದು ಬಾಯಿ ತೆರೆಯಲಾಗದಾಗ ಅಥವಾ ಕುತ್ತಿಗೆಯಲ್ಲಿ ಗಂಟು ಕಂಡಾಗ. ಅಡಿಕೆಯನ್ನು ಹೊಗೆಸೊಪ್ಪು ಇಲ್ಲದೆ ಅಗಿದರೂ ಕ್ಯಾನ್ಸರ್ ಬರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಮನೆಗೊಂದು ಕವಳದ ತಟ್ಟೆ ಇರುವ ನಿಮ್ಮ ಸೀಮೆಯಲ್ಲಿ ಮೂವತ್ತಕ್ಕೆ ಒಂದು ಎನ್ನುವುದು ಒಪ್ಪಬಹುದಾದ ವಿನಿಮಯ ಎಂದೇ ನಾನು ಹೇಳುತ್ತೇನೆ. ಅದಕ್ಕೆ ಕಾರಣವೂ ಇದೆ: ತಪ್ಪಾಗಿ ಕಳಿಸಿದವರ ಮೇಲೆ ಆಗುವ ಮುಂದಿನ ಪರೀಕ್ಷೆ ಮೊದಲಿಗೆ ಕಣ್ಣಿನಿಂದ ನೋಡುವುದು, ಬೆರಳಿನಿಂದ ಮುಟ್ಟಿ ನೋಡುವುದು ಮಾತ್ರ. ನೇರವಾಗಿ ಬಯಾಪ್ಸಿಗೇ ಕಳಿಸುವ ವ್ಯವಸ್ಥೆ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಆದರೂ 827 ಜನರನ್ನು ಒಟ್ಟಿಗೆ ಆಸ್ಪತ್ರೆಗೆ ಕಳಿಸಬೇಡಿ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ವಾರಕ್ಕೆ 20 ಜನರನ್ನು ಹೆಚ್ಚಿಗೆ ನೋಡಬಲ್ಲರು ಎಂದರೆ ಸರದಿ 41 ವಾರ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಅರ್ಧ ಜನ ಬರುವುದನ್ನೇ ಬಿಟ್ಟಿರುತ್ತಾರೆ, ಆಗ ಕಾಗದದ ಮೇಲಿನ 92% ರೀಕಾಲ್‌ಗೆ ಅರ್ಥವಿಲ್ಲ. ನಡುವೆ ಒಂದು ಹಂತ ಸೇರಿಸಿ. ಮಾಡೆಲ್ ಆರಿಸಿದ 827 ಫೋಟೊಗಳನ್ನು ನಿಮ್ಮ ದಂತವೈದ್ಯೆ ಕುಳಿತಲ್ಲೇ ನೋಡಲಿ. ಅವರು ನಿಜವಾದ ಮಚ್ಚೆಗಳಲ್ಲಿ 95% ಉಳಿಸಿಕೊಂಡು, ಸುಳ್ಳು ಅನುಮಾನಗಳಲ್ಲಿ 80% ತೆಗೆದುಹಾಕಿದರು ಎಂದುಕೊಂಡರೆ ಉಳಿಯುವವರು 87 ಮತ್ತು 147, ಒಟ್ಟು 234. ಸರದಿ 12 ವಾರಕ್ಕೆ ಇಳಿಯಿತು. ಒಟ್ಟಾರೆ ರೀಕಾಲ್ 87%, ಪ್ರಿಸಿಶನ್ 37%. ಬರೀ ಮಾಡೆಲನ್ನು 0.5ರಲ್ಲಿ ಓಡಿಸಿದ್ದಕ್ಕಿಂತ ಎರಡೂ ಮೇಲು. ಮೊದಲ ಜರಡಿಯಲ್ಲಿ ರೀಕಾಲ್ ನೋಡಿಕೊಳ್ಳಿ, ಎರಡನೆಯದರಲ್ಲಿ ಪ್ರಿಸಿಶನ್. ಆದರೆ ಮೊದಲ ಜರಡಿಯಲ್ಲಿ ಬಿದ್ದುಹೋದವರನ್ನು ಎರಡನೆಯದು ವಾಪಸ್ ತರುವುದಿಲ್ಲ, ಆದ್ದರಿಂದಲೇ ಮೊದಲ ತ್ರೆಶೋಲ್ಡ್ ಕೆಳಗಿರಬೇಕು. 95 ಮತ್ತು 80 ನಾನು ಊಹಿಸಿದ ಅಂಕಿಗಳು. ದಂತವೈದ್ಯೆಗೆ ನಿಜ ಉತ್ತರ ತಿಳಿಸದೆ ಟೆಸ್ಟ್ ಡೇಟಾದ 304 ಅನುಮಾನಿತ ಫೋಟೊಗಳನ್ನು ತೋರಿಸಿ ನಿಮ್ಮ ಅಂಕಿಗಳನ್ನು ಪಡೆಯಿರಿ.

ಕೈತಪ್ಪಿದ ಆ 16 ಜನರ ಫೋಟೊಗಳನ್ನೂ ತೆಗೆದು ಒಂದೊಂದಾಗಿ ನೋಡಿ. ಎಲ್ಲ ಮಚ್ಚೆಗಳೂ ಒಂದೇ ಅಪಾಯದವಲ್ಲ. ಕೆಂಪು ಮಚ್ಚೆ, ಅಂದರೆ ಎರಿತ್ರೋಪ್ಲೇಕಿಯಾ, ಬಿಳಿ ಮಚ್ಚೆಗಿಂತ ಬಹಳ ಹೆಚ್ಚಾಗಿ ಕ್ಯಾನ್ಸರಿಗೆ ತಿರುಗುತ್ತದೆ. ಎಲೆಅಡಿಕೆ ಹಾಕುವವರ ಬಾಯಲ್ಲಿ ಎಲ್ಲ ಕಡೆ ಕೆಂಪು ಕಲೆ ಇರುವುದರಿಂದ ಮಾಡೆಲ್ ಎಡವುವ ಸಾಧ್ಯತೆ ಅಲ್ಲೇ ಜಾಸ್ತಿ. 16ರಲ್ಲಿ ಹೆಚ್ಚಿನವು ಕೆಂಪು ಮಚ್ಚೆಗಳಾಗಿದ್ದರೆ 92% ಎನ್ನುವ ಒಟ್ಟು ಅಂಕಿಯನ್ನು ನಂಬಬೇಡಿ, ಬಗೆಬಗೆಯಾಗಿ ರೀಕಾಲ್ ತೆಗೆಯಿರಿ. ಇದಕ್ಕೆ ಪರಿಹಾರ ಕೋಡಿನಲ್ಲಿ ಹುಡುಕುವ ಮೊದಲು ಫೋಟೊ ತೆಗೆಯುವಲ್ಲಿ ಹುಡುಕಿ: ನೀರಿನಲ್ಲಿ ಚೆನ್ನಾಗಿ ಬಾಯಿ ಮುಕ್ಕಳಿಸಿ, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಆಮೇಲೆ ಫೋಟೊ. ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದವರನ್ನು ಮಾಡೆಲ್ ಏನೇ ಹೇಳಲಿ ವೈದ್ಯರ ಬಳಿ ಕಳಿಸಬೇಕೆಂದು ಆಶಾ ಕಾರ್ಯಕರ್ತೆಯರಿಗೆ ಮೊದಲೇ ಹೇಳಿಡಿ.

ಕೊನೆಯದಾಗಿ, ಕೆಲಸ ಶುರುವಾದ ಮೇಲೆ ಮ್ಯಾಟ್ರಿಕ್ಸ್‌ನ ಎರಡು ಮನೆಗಳು ಕಾಣದಾಗುತ್ತವೆ. ಅನುಮಾನಿತರನ್ನು ಮಾತ್ರ ವೈದ್ಯರು ನೋಡುತ್ತಾರೆ, ಉಳಿದ 4173 ಜನರನ್ನು ಯಾರೂ ನೋಡುವುದಿಲ್ಲ. ಫಾಲ್ಸ್ ನೆಗೆಟಿವ್, ಅಂದರೆ ಕೈತಪ್ಪಿದವರು, ಎಷ್ಟು ಎಂಬುದೇ ಗೊತ್ತಿಲ್ಲದೆ ರೀಕಾಲ್ ಹೇಳಲು ಬರುವುದಿಲ್ಲ. ಅದಕ್ಕೆ ‘ಏನೂ ಇಲ್ಲ’ ಎಂದು ಬಂದವರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ದಂತವೈದ್ಯೆಯಿಂದ ನೇರ ತಪಾಸಣೆ ಮಾಡಿಸಬೇಕು. ಎಷ್ಟು ಜನ? 300 ಜನರನ್ನು ನೋಡಿ ಒಂದೂ ಮಚ್ಚೆ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆಗಲೂ 95% ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಬಿಟ್ಟುಹೋದವರ ಪ್ರಮಾಣ 3 ಭಾಗಿಸು 300, ಅಂದರೆ 1% ಮೀರಿಲ್ಲ. 4173ರಲ್ಲಿ 1% ಎಂದರೆ ಸುಮಾರು 42 ಜನ. 92 ಜನರನ್ನು ಹಿಡಿದು 42 ಜನರನ್ನು ಬಿಟ್ಟಿರಬಹುದಾದ ಪಕ್ಷದಲ್ಲಿ ರೀಕಾಲ್ 69%ವರೆಗೂ ಇಳಿದಿರಬಹುದು. 1000 ಜನರನ್ನು ನೋಡಿಯೂ ಒಬ್ಬರೂ ಸಿಗದಿದ್ದರೆ ಆ 42 ಸುಮಾರು 13ಕ್ಕೆ ಇಳಿದು, ರೀಕಾಲ್ 88%ಕ್ಕಿಂತ ಕೆಳಗಿರಲಾರದು ಎಂದು ಹೇಳಬಹುದು. ಈ ಮರುತಪಾಸಣೆಯ ಖರ್ಚು ಮತ್ತು ದಂತವೈದ್ಯೆಯ ದಿನಗಳನ್ನು ಈಗಲೇ ಯೋಜನೆಯಲ್ಲಿ ಸೇರಿಸಿಕೊಳ್ಳಿ, ಶಿಬಿರ ಮುಗಿದ ಮೇಲೆ ಅದೇ ಜನರನ್ನು ಮತ್ತೆ ಒಟ್ಟುಗೂಡಿಸುವುದು ಮಳೆಗಾಲದಲ್ಲಂತೂ ಆಗದ ಕೆಲಸ.