ಅಡಿಕೆ ದುಡ್ಡು, ಒಂದು ವರ್ಷದ ಗ್ಯಾಪ್: ವೀಸಾ ಪತ್ರದಲ್ಲಿ ಏನು ಬರೆಯಬೇಕು?

ಪ್ರಶ್ನೆ: ಕೆನಡಾ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕ್ತಿದ್ದೇನೆ. 2025ರ ಜೂನ್‌ನಲ್ಲಿ ಬಿಕಾಂ ಮುಗೀತು. ಆಮೇಲೆ ಅಮ್ಮನ ಆಪರೇಷನ್ ಅಂತ ಮನೆಯಲ್ಲೇ ಇದ್ದೆ. ಖರ್ಚೆಲ್ಲ ಅಪ್ಪನದು. ಅಡಿಕೆ ತೋಟ ಇದೆ, ಆದ್ರೆ ಐಟಿ ರಿಟರ್ನ್‌ನಲ್ಲಿ ಆದಾಯ 3 ಲಕ್ಷ ಮಾತ್ರ. ಪತ್ರದಲ್ಲಿ ಏನು ಬರೀಲಿ?
— ಓದುಗಿ, ಶಿರಸಿ

ಉತ್ತರ: ಗ್ಯಾಪ್ ವಿಷಯ ನಾಲ್ಕು ಸಾಲಿನಲ್ಲಿ ಮುಗಿಸಿ. ಆಪರೇಷನ್ ಯಾವ ತಿಂಗಳು, ನೀವು ಎಷ್ಟು ದಿನ ನೋಡಿಕೊಂಡಿರಿ, ಐಇಎಲ್‌ಟಿಎಸ್ ಯಾವಾಗ ಬರೆದಿರಿ, ಇಷ್ಟು ಸಾಕು. ಡಿಸ್ಚಾರ್ಜ್ ಸಮರಿ ಜೊತೆಗಿಡಿ. ಸುಮ್ನೆ ಯಾರದೋ ಅಂಗಡಿಯ ಅನುಭವ ಪತ್ರ ಮಾಡಿಸಬೇಡಿ. ಸುಳ್ಳು ದಾಖಲೆ ಅಂತ ಗೊತ್ತಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ.

ಪತ್ರದ ಹೆಚ್ಚಿನ ಜಾಗ ಅಪ್ಪನ ದುಡ್ಡಿಗೆ ಬೇಕು. ಕ್ವಿಬೆಕ್ ಬಿಟ್ಟು ಬೇರೆ ಕಡೆ ಓದುವ ಒಬ್ಬರಿಗೆ, 2025ರ ಸೆಪ್ಟೆಂಬರ್ 1ರಿಂದ, ಮೊದಲ ವರ್ಷದ ಫೀಸು ಮತ್ತು ಪ್ರಯಾಣದ ಖರ್ಚು ಬಿಟ್ಟು 22,895 ಕೆನಡಾ ಡಾಲರ್ ತೋರಿಸಬೇಕು. 3 ಲಕ್ಷ ಆದಾಯದವರ ಖಾತೆಯಲ್ಲಿ ಅಷ್ಟು ಹಣ ಕಂಡರೆ ಅಧಿಕಾರಿಗೆ ಅನುಮಾನ ಬರುವುದು ಸಹಜ ಅಲ್ವಾ? ಭಾರತದಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ತೆರಿಗೆ ಬೀಳುವ ಆದಾಯದಲ್ಲಿ ಅದು ಸೇರಿಲ್ಲ ಅಂತ ನೇರವಾಗಿ ಬರೆಯಿರಿ. ಒಂದು ಪುಟದ ಸ್ವೀಕೃತಿ ಮಾತ್ರ ಕೊಡಬೇಡಿ. ತೆರಿಗೆ ವಿನಾಯಿತಿಯ ಆದಾಯ ತೋರಿಸುವ ಭಾಗ ಇರುವ ಪೂರ್ತಿ ರಿಟರ್ನ್ ಕೊಡಿ. ಅಲ್ಲಿ ಕೃಷಿ ಆದಾಯ ತೋರಿಸಿಯೇ ಇಲ್ಲದಿದ್ದರೆ ಮೊದಲು ನಿಮ್ಮ ಸಿಎ ಹತ್ತಿರ ಮಾತಾಡಿ.

ಆಮೇಲೆ ಹಣ ಬಂದ ದಾರಿ ತೋರಿಸಿ. ಒಂದು ಉದಾಹರಣೆ ನೋಡಿ. ಸೊಸೈಟಿಯ ಮಾರಾಟ ಪಟ್ಟಿಯಲ್ಲಿ 13,50,000 ರೂಪಾಯಿ ಇದೆ, ಬ್ಯಾಂಕಿಗೆ ಜಮಾ ಆಗಿದ್ದು 11,20,000. ಉಳಿದ 2,30,000 ಬೆಳೆ ಸಾಲಕ್ಕೆ ಮುರಿದುಕೊಂಡಿದ್ದು. ನಮಗೆ ಇದು ಮಾಮೂಲು, ಕೆನಡಾದವರಿಗೆ ಹೊಂದಾಣಿಕೆಯಾಗದ ಲೆಕ್ಕ. ಹಾಗಾಗಿ ಪತ್ರದಲ್ಲಿ ಹೀಗೆ ಬರಲಿ: “ಮಾರ್ಚ್ 12ರ ಜಮಾ 11,20,000 ಅಡಿಕೆ ಮಾರಾಟದ್ದು. ಸಾಲಕ್ಕೆ 2,30,000 ಕಡಿತವಾಗಿದೆ. ದಾಖಲೆ 4 ಮತ್ತು 5 ನೋಡಿ.” ಎಫ್‌ಡಿ ಮುರಿಸಿದ್ದರೆ ಅದರ ರಸೀದಿಗೂ ಹೀಗೇ ಒಂದು ಸಾಲು.

ಬ್ಯಾಂಕ್ ಸ್ಟೇಟ್‌ಮೆಂಟ್ ನಾಲ್ಕು ತಿಂಗಳದ್ದು ಸಾಕು ಅಂತಾರೆ. ಅಡಿಕೆ ದುಡ್ಡು ಬರುವುದು ಸೀಸನ್‌ನಲ್ಲಿ, ಅದಕ್ಕೇ ನೀವು ಒಂದು ವರ್ಷದ್ದು ಕೊಡಿ. ಹಿಂದಿನ ವರ್ಷಗಳ ಪಟ್ಟಿಗಳನ್ನೂ ಸೇರಿಸಿದರೆ, ಎರಡನೇ ವರ್ಷದ ಫೀಸು ಎಲ್ಲಿಂದ ಬರುತ್ತದೆ ಅನ್ನೋದಕ್ಕೂ ಉತ್ತರ ಸಿಗುತ್ತದೆ. ತೋಟದ ಮಾರುಕಟ್ಟೆ ಬೆಲೆ ಕೋಟಿ ಇದ್ದರೂ ಅದನ್ನು ಖರ್ಚಿನ ಹಣದ ಜೊತೆ ಕೂಡಿಸಬೇಡಿ.

ಪಹಣಿ, ಪಟ್ಟಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಅಫಿಡವಿಟ್ ಬೇಕು. ಮನೆಯವರು ಅನುವಾದ ಮಾಡಿದರೆ ಒಪ್ಪುವುದಿಲ್ಲ.