ಜೋರಾಗಿ ಅಂದರೆ ಯಾವ ಜೋರು?

ಓದುಗರ ಪತ್ರ

"ನಮ್ಮದು ಸಾಗರದ ಹತ್ತಿರದ ಹಳ್ಳಿ. ಹನ್ನೆರಡು ಹೆಂಗಸರು ಸೇರಿ ಪ್ರತಿ ಶನಿವಾರ ಭಜನೆ ಮಾಡುತ್ತೇವೆ. ಹೋದ ವಾರ ಹಾರ್ಮೋನಿಯಂ ಮಾಷ್ಟ್ರು 'ಪಿಚ್ ಏರ್ತಿದೆ, ಇಳಿಸಿ' ಅಂದರು. ನಾವು ಮೆಲ್ಲಗೆ ಹಾಡಿದೆವು. 'ಅದಲ್ಲ' ಅಂದರು. ನಿಧಾನ ಮಾಡಿದೆವು. ಅದೂ ಅಲ್ವಂತೆ. ಮಗಳು ಡಿಕ್ಷನರಿ ನೋಡಿ ಪಿಚ್, ಟೆಂಪೋ, ರಿದಮ್, ಹಾರ್ಮನಿ ಅಂತ ನಾಲ್ಕು ಪದಕ್ಕೂ ಕನ್ನಡ ಬರೆದುಕೊಟ್ಟಳು. ಓದಿದರೂ ತಲೆಗೆ ಹತ್ತಲಿಲ್ಲ. ನೀವಾದರೂ ಬಿಡಿಸಿ ಹೇಳಿ."

ಸಂಪಾದಕರ ಉತ್ತರ

ನಮಸ್ಕಾರ ಅಕ್ಕ,

ನಾನು ಹೈಸ್ಕೂಲಿನಲ್ಲಿದ್ದಾಗ ಹಾಡಿನ ಸ್ಪರ್ಧೆಯಲ್ಲಿ ವೇದಿಕೆ ಪಕ್ಕದಿಂದ ಮೇಷ್ಟ್ರೊಬ್ಬರು "ಜೋರಾಗಿ, ಜೋರಾಗಿ" ಅಂತ ಕೈಸನ್ನೆ ಮಾಡಿದರು. ನಾನು ಬೇಗ ಬೇಗ ಹಾಡಿ ಮುಗಿಸಿದೆ. ಅವರು ಕೇಳಿದ್ದು ದೊಡ್ಡ ದನಿ. ಆ ಬೇಜಾರು ಬಹಳ ದಿನ ಉಳಿದಿತ್ತು. ಆದರೆ ಯೋಚಿಸಿ ನೋಡಿ, "ಜೋರಾಗಿ ಓಡು" ಅಂದರೆ ವೇಗ, "ಜೋರಾಗಿ ಕೂಗು" ಅಂದರೆ ಸದ್ದು. ಒಂದೇ ಪದ. "ಏರಿಸು" ಅನ್ನುವುದೂ ಹೀಗೇ. ದನಿ ಏರಿಸಿದ ಅಂದರೆ ಗದರಿದ ಅಂತ ಅರ್ಥ. ಹಾಡುವವರಿಗೆ ಮಾತ್ರ ಏರುವುದು ಸ್ವರ. ಮಾಷ್ಟ್ರು "ಇಳಿಸಿ" ಅಂದಾಗ ನೀವು ಮೊದಲು ಸದ್ದು, ಆಮೇಲೆ ವೇಗ ಇಳಿಸಿದ್ದು ನಮ್ಮ ಆಡುಮಾತಿನ ಪ್ರಕಾರ ಸರಿಯೇ ಇದೆ.

ಸಂಗೀತದಲ್ಲಿ ಇವು ಮೂರೂ ಬೇರೆ ಬೇರೆ. ಸದ್ದು ಎಷ್ಟು, ವೇಗ ಎಷ್ಟು, ಸ್ವರ ಎಷ್ಟು ಎತ್ತರ. ಈ ಕೊನೆಯದೇ ಪಿಚ್.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಫೋನಿನಲ್ಲಿ ಒಂದು ಹಾಡು ಹಾಕಿ ವಾಲ್ಯೂಮ್ ಚೆನ್ನಾಗಿ ತಗ್ಗಿಸಿ. ಹಾಡುವವರ ಸ್ವರ ಒಂದಿಷ್ಟೂ ಕೆಳಗಿಳಿಯುವುದಿಲ್ಲ, ಸುಮ್ನೆ ಸಣ್ಣಗೆ ಕೇಳುತ್ತದೆ. ಈಗ ವಿಡಿಯೋದಲ್ಲಿ ವೇಗವನ್ನು ಒಂದೂವರೆ ಪಟ್ಟು ಮಾಡಿ. ಹಾಡು ಓಡುತ್ತದೆ, ಸ್ವರದ ಎತ್ತರ ಅಲ್ಲೇ ಇರುತ್ತದೆ. ಹಾಗೆ ಇರುವಂತೆ ಆ ತಂತ್ರಾಂಶವೇ ನೋಡಿಕೊಳ್ಳುತ್ತದೆ. ಹಳೆಯ ಟೇಪ್ ರೆಕಾರ್ಡರಿಗೆ ಆ ಸೌಕರ್ಯ ಇರಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಹಳೇ ಸೆಲ್ ಹಾಕಿ ಕ್ಯಾಸೆಟ್ ಕೇಳಿದ್ದು ನೆನಪಿದೆಯಾ? ಸೆಲ್ ಸೋತ ಹಾಗೆ ಹಾಡು ಎಳೆಯುತ್ತಿತ್ತು, ಗಾಯಕಿಯ ದನಿ ಗಂಡಸಿನ ದನಿಯಂತೆ ದಪ್ಪ ಆಗುತ್ತಿತ್ತು. ಟೇಪು ನಿಧಾನ ಸುತ್ತಿದರೆ ಟೆಂಪೋ, ಪಿಚ್ ಎರಡೂ ಒಟ್ಟಿಗೇ ಇಳಿಯುತ್ತವೆ.

ಪಿಚ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಅನ್ನುವ ಲೆಕ್ಕ. ಹಾರ್ಮೋನಿಯಂನ ಐದನೇ ಬಿಳಿ ಮನೆಗೆ "ಬಿಳಿ ಐದು" ಅನ್ನುತ್ತಾರಲ್ಲ, ಹೆಂಗಸರು ಸಾಮಾನ್ಯವಾಗಿ ಅದರ ಆಸುಪಾಸಿನಲ್ಲಿ ಷಡ್ಜ, ಅಂದರೆ ಹಾಡಿಗೆ ಆಧಾರವಾದ "ಸ", ಇಟ್ಟುಕೊಳ್ಳುತ್ತಾರೆ. ಅಲ್ಲಿ ಸೆಕೆಂಡಿಗೆ ಸುಮಾರು 196 ಕಂಪನ. ಗಂಡಸರು ಹೆಚ್ಚಾಗಿ ಹಾಡುವ "ಕಪ್ಪು ಒಂದು" ಸುಮಾರು 139. ಕಿವಿಗೆ ಹತ್ತಿರ ಇಟ್ಟು ಮೆಲ್ಲಗೆ ನುಡಿಸಿದರೂ, ಮೈಕ್ ಹಾಕಿ ಊರಿಗೆಲ್ಲ ಕೇಳಿಸಿದರೂ ಬಿಳಿ ಐದು ಬಿಳಿ ಐದೇ.

ಹಾಗಾದರೆ ಸದ್ದೂ ಸ್ವರವೂ ನಮಗೆ ಯಾಕೆ ಒಂದೇ ಅನ್ನಿಸುತ್ತವೆ? ನಮ್ಮ ಗಂಟಲಿನಲ್ಲಿ ಅವು ಜೊತೆಗೇ ಏರುತ್ತವೆ, ಅದಕ್ಕೆ. ಸದ್ದು ಹೆಚ್ಚಿಸಲು ಶ್ವಾಸಕೋಶದಿಂದ ಗಾಳಿ ಒತ್ತಿ ಬರಬೇಕು. ಒತ್ತಡ ಹೆಚ್ಚಾದರೆ ಗಂಟಲಿನ ತಂತುಗಳು ಸ್ವಲ್ಪ ಬೇಗ ಕಂಪಿಸುತ್ತವೆ. ಕಲಿತ ಗಾಯಕರು ಅದನ್ನು ತಡೆದು ಹಿಡಿಯುತ್ತಾರೆ. ಭಜನೆಯ ಹುರುಪಿನಲ್ಲಿ ನಮ್ಮಂಥವರಿಗೆ ಅದು ಗೊತ್ತೇ ಆಗುವುದಿಲ್ಲ. ತಾಳದ ಸದ್ದಿನಲ್ಲಿ ಹಾರ್ಮೋನಿಯಂ ಕೇಳದೇ ಹೋದರೆ ಹಿಡಿದುಕೊಳ್ಳಲು ಆಧಾರವೂ ಇರುವುದಿಲ್ಲ. ಹನ್ನೆರಡೂ ಜನ ಒಬ್ಬರನ್ನೊಬ್ಬರು ಕೇಳಿಕೊಂಡು ಒಟ್ಟಿಗೇ ಮೇಲೆ ಹೋಗಿಬಿಡುತ್ತೀರಿ. ಒಟ್ಟಿಗೇ ಹೋಗುವುದರಿಂದ ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಮಾಷ್ಟ್ರಿಗೆ ಮಾತ್ರ ಗೊತ್ತಾಗುತ್ತದೆ, ಅವರ ಕೈಯಲ್ಲಿರುವ ಪೆಟ್ಟಿಗೆ ಏರುವುದಿಲ್ಲವಲ್ಲ.

ಸದ್ದು, ವೇಗ, ಸ್ವರ ಮೂರನ್ನೂ ಬಿಡಿಸಿ ನೋಡಲು ನಿಮ್ಮೂರಿನ ಯಕ್ಷಗಾನಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಯುದ್ಧದ ಸನ್ನಿವೇಶ ಬಂತು ಅನ್ನಿ. ಚಂಡೆ ಸೇರುತ್ತದೆ, ಸದ್ದು ಏರಿತು. ತಾಳ ಬಿಗಿಯಾಗುತ್ತದೆ, ವೇಗ ಏರಿತು. ಭಾಗವತರು ಮೇಲಿನ ಸ್ಥಾಯಿಯಲ್ಲೂ ಹಾಡಬಹುದು. ಆದರೆ ಹಿಂದೆ ಶ್ರುತಿಪೆಟ್ಟಿಗೆಯ ಷಡ್ಜ ಎಲ್ಲಿತ್ತೋ ಅಲ್ಲೇ ಇದೆ. ಮದ್ದಳೆಯವರು ಮಧ್ಯೆ ಮಧ್ಯೆ ಶ್ರುತಿ ನೋಡಿಕೊಳ್ಳುವುದೂ ಇದಕ್ಕೇ. ನಮ್ಮ ಥಂಡಿಗೆ ಚರ್ಮ ತೇವ ಹೀರಿ ಸಡಿಲ ಆಗುತ್ತದೆ, ಮದ್ದಳೆಯ ಸ್ವರ ಕೆಳಗೆ ಜಾರುತ್ತದೆ. ಎಷ್ಟು ಜೋರಾಗಿ ಬಾರಿಸಿದರೂ ಆ ಜಾರಿದ ಸ್ವರ ಮೇಲೆ ಬರುವುದಿಲ್ಲ. ಬಿಗಿ ಮಾಡಲೇಬೇಕು.

ಇನ್ನು ಟೆಂಪೋ. ನಮಗೆ ಟೆಂಪೋ ಅಂದರೆ ಮೊದಲು ನೆನಪಾಗುವುದು ಅಡಿಕೆ ಮೂಟೆ ಹೇರುವ ಗಾಡಿ. ಅದು ಜರ್ಮನಿಯ ಕಂಪನಿಯೊಂದು ತನ್ನ ಗಾಡಿಗೆ ಇಟ್ಟ ಹೆಸರು, ನಮ್ಮಲ್ಲಿ ಗಾಡಿಯ ಜಾತಿಗೇ ಹೆಸರಾಯಿತು. ಇಟಲಿ ಭಾಷೆಯಲ್ಲಿ ಆ ಪದಕ್ಕೆ ಕಾಲ, ಸಮಯ ಅಂತ ಅರ್ಥ. ಸಂಗೀತದಲ್ಲಿ ಟೆಂಪೋ ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವುದು ಮಾತ್ರ. "ಟೆಂಪೋ ಜಾಸ್ತಿ ಆಯ್ತು" ಅಂದರೆ ಪೆಟ್ಟಿನಿಂದ ಪೆಟ್ಟಿಗೆ ಇರುವ ಅಂತರ ಕಮ್ಮಿ ಆಯ್ತು ಅಂತ. ಹಾಡಿನಲ್ಲಿ ಅಕ್ಷರ ಒತ್ತೊತ್ತಾಗಿ ಬಂದರೆ ಟೆಂಪೋ ಏರಿತು ಅಂತ ಅಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಸರಳೆ ವರಸೆ ಹಾಡುವುದನ್ನು ಕೇಳಿರುತ್ತೀರಿ. ಪುರಂದರದಾಸರು ಹಾಕಿಕೊಟ್ಟ ಪಾಠ ಅಂತ ಪರಂಪರೆ ಹೇಳುತ್ತದೆ. ದಾಸರು ನಮ್ಮ ತೀರ್ಥಹಳ್ಳಿ ಕಡೆಯವರು ಅಂತ ಇಲ್ಲಿನವರ ನಂಬಿಕೆ. ಆದಿತಾಳದಲ್ಲಿ ಎಂಟು ಎಣಿಕೆ. ಸೆಕೆಂಡಿಗೆ ಒಂದು ಪೆಟ್ಟು ಹಾಕಿದರೆ ಒಂದು ಸುತ್ತಿಗೆ 8 ಸೆಕೆಂಡು. ಮೊದಲನೇ ಕಾಲದಲ್ಲಿ ಪೆಟ್ಟಿಗೊಂದು ಸ್ವರ, ಸುತ್ತಿಗೆ 8. ಎರಡನೇ ಕಾಲದಲ್ಲಿ ಪೆಟ್ಟಿಗೆ ಎರಡು, ಸುತ್ತಿಗೆ 16. ಮೂರನೇ ಕಾಲದಲ್ಲಿ ಪೆಟ್ಟಿಗೆ ನಾಲ್ಕು, ಸುತ್ತಿಗೆ 32. ಮೂರನೇ ಕಾಲ ಕೇಳಿದಾಗ ಹಾಡು ನಾಲ್ಕು ಪಟ್ಟು ಓಡಿದ ಹಾಗೆ ಅನ್ನಿಸುತ್ತದೆ. ಮಗುವಿನ ಕೈ ನೋಡಿ. ಅದು ಅದೇ ನಿಧಾನದಲ್ಲಿ, ಸೆಕೆಂಡಿಗೆ ಒಂದರಂತೆ ತೊಡೆ ಮೇಲೆ ಬೀಳುತ್ತಿದೆ. ಟೆಂಪೋ ಬದಲಾಗಿಲ್ಲ. ಕೈಯೂ ಬೇಗ ಆದರೆ ಗುರುಗಳು ತಡೆಯುತ್ತಾರೆ, ಯಾಕೆಂದರೆ ಆಗ ಕಾಲ ಬದಲಿಸಿದ ಹಾಗಾಗುವುದಿಲ್ಲ, ಓಡಿದ ಹಾಗಾಗುತ್ತದೆ.

ಭಜನೆಯಲ್ಲಿ ನಡೆಯುವುದು ಬೇರೆ. ನಾಮಾವಳಿಯ ಕೊನೆಗೆ ಕೈಯೇ ಬೇಗ ಆಗುತ್ತದೆ, ಅಲ್ವಾ? ಅದು ನಿಜವಾಗಿ ಟೆಂಪೋ ಏರುವುದು. ಲೆಕ್ಕ ಬೇಕಾದರೆ ಗಡಿಯಾರ ನೋಡಿಕೊಂಡು 15 ಸೆಕೆಂಡಿನಲ್ಲಿ ಎಷ್ಟು ಸಲ ತಾಳ ಬಿತ್ತು ಅಂತ ಎಣಿಸಿ ನಾಲ್ಕರಿಂದ ಗುಣಿಸಿ. ಶುರುವಿನಲ್ಲಿ 18 ಬಿದ್ದರೆ ನಿಮಿಷಕ್ಕೆ 72. ಕೊನೆಗೆ 27 ಆದರೆ 108. ಬೇಕು ಅಂತ ಏರಿಸಿದ್ದಾದರೆ ಅದು ಚೆಂದವೇ. ಗೊತ್ತಿಲ್ಲದೆ ಏರಿದ್ದಾದರೆ ಕೊನೆಯ ಸಾಲಿನಲ್ಲಿ ಉಸಿರು ಸಾಲದೆ ಅಕ್ಷರ ನುಂಗಿಹೋಗುತ್ತವೆ. ಅದೇ ಗುರುತು.

ರಿದಮ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಆರ್ಕೆಸ್ಟ್ರಾದ ರಿದಮ್ ಪ್ಯಾಡ್ ನೋಡಿ ನಾವು ಬಡಿತವನ್ನೇ ರಿದಮ್ ಅನ್ನುತ್ತೇವೆ. ನಿಜಕ್ಕೆ ಅದು ಉದ್ದ, ಗಿಡ್ಡ, ಮೌನ ಇವುಗಳ ಜೋಡಣೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡಿನ ಅಕ್ಷರಗಳನ್ನು ರಾಗ ಬಿಟ್ಟು ಬರೀ ಚಪ್ಪಾಳೆಯಲ್ಲಿ ತಟ್ಟಿ. ಪಕ್ಕದವರು ಹಾಡನ್ನು ಗುರುತು ಹಿಡಿದರೆ, ಅವರು ಹಿಡಿದದ್ದು ರಿದಮ್. ನಿಧಾನ ತಟ್ಟಿದರೂ ಹಿಡಿಯುತ್ತಾರೆ, ಬೇಗ ತಟ್ಟಿದರೂ ಹಿಡಿಯುತ್ತಾರೆ. ಡಿಕ್ಷನರಿಯಲ್ಲಿ ಮಗಳಿಗೆ ಸಿಕ್ಕ "ಲಯ" ತೊಡಕಿನ ಪದ. ಸಂಗೀತಗಾರರು ಲಯ ಅಂದರೆ ಹೆಚ್ಚಾಗಿ ನಡಿಗೆಯ ವೇಗ, ವಿಳಂಬ, ಮಧ್ಯ, ದ್ರುತ. ನಾವು "ಲಯಬದ್ಧ" ಅಂದಾಗ ಹೇಳುವುದು ರಿದಮ್ಮಿನ ಮಾತು.

ಹಾರ್ಮನಿಗೆ ನಾವು "ಸಾಮರಸ್ಯ" ಅನ್ನುತ್ತೇವೆ. ಜನ ಹೊಂದಿಕೊಂಡು ಬಾಳುವುದಕ್ಕೆ ಅದು ಒಳ್ಳೆಯ ಪದ. ಸಂಗೀತದಲ್ಲಿ ಮಾತ್ರ ದಾರಿ ತಪ್ಪಿಸುತ್ತದೆ. ನೀವು ಹನ್ನೆರಡು ಜನ ಒಂದೇ ರಾಗವನ್ನು ಒಂದೇ ದನಿಯಾಗಿ ಹಾಡಿದರೆ ಅದು ಎಷ್ಟೇ ಹೊಂದಿಕೊಂಡಿದ್ದರೂ ಹಾರ್ಮನಿ ಅಲ್ಲ, ಏಕಕಂಠ. ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ನುಡಿಯಬೇಕು, ಆ ಸ್ವರಗಳ ಗುಂಪು ಒಂದಾದ ಮೇಲೊಂದು ಸಾಗಬೇಕು, ಆಗ ಹಾರ್ಮನಿ. ನಾಲ್ಕು ಭಾಗವಾಗಿ ಹಾಡುವ ಚರ್ಚಿನ ಗಾಯಕರ ತಂಡವನ್ನು ಒಮ್ಮೆ ಕೇಳಿ. ಹೆಂಗಸರಲ್ಲಿ ಎರಡು ಗುಂಪು, ಗಂಡಸರಲ್ಲಿ ಎರಡು ಗುಂಪು, ನಾಲ್ವರದ್ದೂ ಬೇರೆ ಸ್ವರ. ಮಧ್ಯೆ ಕೆಲವು ಕಡೆ ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಆಮೇಲೆ ಬಿಡಿಸಿಕೊಂಡು ಇಂಪಾಗುತ್ತವೆ. ಆ ಉಜ್ಜಾಟವೂ ಹಾರ್ಮನಿಯ ಒಳಗಿನದ್ದೇ. ನಮ್ಮ ಹಾರ್ಮೋನಿಯಂ ಹೆಸರು ಬಂದದ್ದು ಆ ಪದದಿಂದ. ಭಜನೆಯಲ್ಲಿ ಅದು ಮಾಡುವ ಕೆಲಸ ಮಾತ್ರ ನಿಮ್ಮ ಒಂದೇ ರಾಗದ ಹಿಂದೆ ನಡೆಯುವುದು.

ಈಗ ಮಾಷ್ಟ್ರ ಮಾತಿಗೆ ಬರೋಣ. "ಪಿಚ್ ಇಳಿಸಿ" ಅನ್ನುವುದರಲ್ಲಿ ಎರಡು ಅರ್ಥ ಇದೆ. "ಏರ್ತಿದೆ" ಅಂದಿದ್ದರಿಂದ ಅವರು ಹೇಳಿದ್ದು ಮೊದಲನೆಯದು, ಪೆಟ್ಟಿಗೆಯ ಷಡ್ಜಕ್ಕೆ ವಾಪಸ್ ಬನ್ನಿ ಅಂತ. ಅದಕ್ಕೆ ಹಾರ್ಮೋನಿಯಂ ನಿಮಗೆ ಕೇಳಬೇಕು. ಅದನ್ನು ನಿಮ್ಮ ಸಾಲಿನ ಮಧ್ಯಕ್ಕೆ ತನ್ನಿ, ತಾಳ ಹಾಕುವವರು ಒಂದು ತುದಿಗೆ ಕೂರಲಿ. ಒಂದು ನುಡಿ ಮುಗಿದ ಕೂಡಲೇ ಎಲ್ಲರೂ ಬಾಯಿ ಮುಚ್ಚಿ "ಮ್" ಅಂತ ಷಡ್ಜ ಹಿಡಿಯಿರಿ, ಆಗ ಮಾಷ್ಟ್ರು ಷಡ್ಜದ ಮನೆ ಒತ್ತಲಿ. ಸರಿ ಇದ್ದರೆ ಎರಡೂ ಕರಗಿ ಒಂದಾಗುತ್ತವೆ. ಇಲ್ಲದಿದ್ದರೆ ಕಿವಿಗೆ ಕಚ್ಚುತ್ತದೆ. ಫೋನಿನ ತಂಬೂರಿ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಹಾರ್ಮೋನಿಯಂ ಜೊತೆ ಹೀಗೇ ಹೋಲಿಸಿ, ಹಳೇ ಪೆಟ್ಟಿಗೆಗಳು ಎಷ್ಟೋ ಸಲ ಫೋನಿಗೆ ಕೂಡುವುದಿಲ್ಲ. ಒಂದು 196, ಇನ್ನೊಂದು 200 ಇದ್ದರೆ ಸೆಕೆಂಡಿಗೆ ನಾಲ್ಕು ಸಲ "ಗುಂಯ್ ಗುಂಯ್" ಅಂತ ಅಲೆ ಕೇಳುತ್ತದೆ. ಸ್ವರ ಹತ್ತಿರ ಬಂದ ಹಾಗೆ ಅಲೆ ನಿಧಾನವಾಗಿ, ಕೂಡಿದಾಗ ನಿಂತುಹೋಗುತ್ತದೆ. ಅಲೆ ನಿಲ್ಲದಿದ್ದರೆ ಎರಡರಲ್ಲಿ ಒಂದನ್ನು ಬಿಡಿ.

ಎರಡನೇ ಅರ್ಥ, ಷಡ್ಜವನ್ನೇ ಬೇರೆ ಮನೆಗೆ ಸರಿಸುವುದು. ಮೇಲಿನ ಸಾಲಿನಲ್ಲಿ ವಯಸ್ಸಾದವರ ದನಿ ಒಡೆಯುತ್ತಿದ್ದರೆ ಇದು ಬೇಕು. ಹಾಡು ಮೇಲಿನ ಪಂಚಮ, ಅಂದರೆ ಮೇಲಿನ ಸ್ಥಾಯಿಯ "ಪ", ಮುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಬಿಳಿ ಐದರಲ್ಲಿ ಆ ಪಂಚಮಕ್ಕೆ ಸುಮಾರು 587 ಕಂಪನ. ಬಿಳಿ ನಾಲ್ಕಕ್ಕೆ ಇಳಿದರೆ 523, ಗಂಟಲಿಗೆ ಎಷ್ಟೋ ಹಗುರ. ಆದರೆ ಹಾಡು ಕೆಳಗಿನ ಪಂಚಮಕ್ಕೂ ಹೋಗುವುದಾದರೆ ಅಲ್ಲಿ 131 ಆಗುತ್ತದೆ, ಬಹಳ ಹೆಂಗಸರಿಗೆ ಅಲ್ಲಿ ದನಿ ಸರಿಯಾಗಿ ಹೊರಡುವುದಿಲ್ಲ. ಆಗ ನಾಲ್ಕಕ್ಕೂ ಐದಕ್ಕೂ ನಡುವಿನ ಕಪ್ಪು ಮೂರರಲ್ಲಿ ಒಂದು ಶನಿವಾರ ಹಾಡಿ ನೋಡಿ.