ಚರಂಡಿ ಎಸ್ಟಿಮೇಟ್: ಅಗೆತದ ಲೆಕ್ಕ

"ಗದಗ ಹತ್ತಿರದ ಹಳ್ಳಿಯಲ್ಲಿ 100 ಮೀಟರ್ ಕಾಂಕ್ರೀಟ್ ಚರಂಡಿ. ಒಳಗಿನ ಅಗಲ 0.45, ಆಳ 0.60 ಮೀಟರ್. ಅಗೆತ 27 ಘನ ಮೀಟರ್ ಬಂತು. ಎಸ್‌ಆರ್ ದರಪಟ್ಟಿಯ ದರದಿಂದ ಗುಣಿಸಿದರೆ ಸಾಕಾ?"

ಸಾಕಾಗಲ್ಲ ಸರ್. 27 ಅಂದ್ರೆ ನೀರು ಹರಿಯುವ ಜಾಗ ಅಷ್ಟೇ. ಗೋಡೆ, ತಳ ಎಲ್ಲಿ ಕೂರಬೇಕು?

ಗೋಡೆ 0.15 ಅಂತ ಇಟ್ಟುಕೊಳ್ಳಿ, ಎರಡೂ ಬದಿ ಸೇರಿ ಹೊರಗಿನ ಅಗಲ 0.75. ಕೆಳಗಿನ ಬೆಡ್ ಕಾಂಕ್ರೀಟ್ ಎರಡೂ ಕಡೆ 0.10 ಹೊರಗೆ ಬಂದರೆ ಗುಂಡಿಯ ಅಗಲ 0.95. ಆಳಕ್ಕೆ ತಳದ 0.15, ಬೆಡ್‌ನ 0.10 ಸೇರಿಸಿ, 0.85 ಆಯಿತು.

```
100 × 0.95 × 0.85 = 80.75
```

ನಿಮ್ಮ ಲೆಕ್ಕದ ಮೂರು ಪಟ್ಟು! ನಾನೂ ಮೊದಲ ಎಸ್ಟಿಮೇಟ್‌ನಲ್ಲಿ ಇದೇ ತಪ್ಪು ಮಾಡಿ ಬೈಸಿಕೊಂಡಿದ್ದೆ.

ಇನ್ನೊಂದು, ಉಳಿಯುವ ಮಣ್ಣು. ಕಾಂಕ್ರೀಟ್ ಮತ್ತು ಒಳಗಿನ ಖಾಲಿ ಜಾಗ ಸೇರಿ 65.75 ಘನ ಮೀಟರ್. ಬದಿಗೆ ಮತ್ತೆ ತುಂಬೋದು ಬರೀ 15. ಉಳಿದದ್ದನ್ನು ಊರ ಓಣಿಯಲ್ಲಿ ಬಿಡೋಕಾಗಲ್ಲ, ಮೊದಲ ಮಳೆಗೆ ಎರೆಮಣ್ಣು ಚರಂಡಿಗೇ ವಾಪಸ್ ಬರುತ್ತದೆ. ಅಗೆತದ ದರದಲ್ಲಿ ಸಾಮಾನ್ಯವಾಗಿ 50 ಮೀಟರ್ ಲೀಡ್, ಅಂದ್ರೆ ಮಣ್ಣು ಸಾಗಿಸುವ ದೂರ, ಸೇರಿರುತ್ತದೆ. ಐಟಂ ವಿವರಣೆ ಪೂರ್ತಿ ಓದಿ. ಅದಕ್ಕಿಂತ ದೂರ ಸಾಗಿಸೋದಾದರೆ ಸಾಗಾಟದ ಐಟಂ ಬೇರೆ ಹಾಕಿ. ಅಗೆದ ಮಣ್ಣು ಉಬ್ಬುತ್ತದೆ, ಆದರೆ ಅಗೆತದ ಅಳತೆ ಗುಂಡಿಯದೇ, ರಾಶಿಯದಲ್ಲ.

ರಸ್ತೆಯ ಇಳಿಜಾರಿನಿಂದ ಆಳ ಬದಲಾದರೆ 10 ಮೀಟರಿಗೊಮ್ಮೆ ಲೆವೆಲ್ ತೆಗೆದು ಸರಾಸರಿ ಹಿಡಿಯಿರಿ.